ಹೇಳಿದ ದೇಣಿಗೆ ಬಂದಿಲ್ಲದಾಗ ದಾನಿಗೆ ಕಾಗದ ಬರೆಯುವ ಬಗೆ

ನಮ್ಮ ಕಡೆ ದೇಣಿಗೆ ಹುಟ್ಟುವುದು ಮೈಕಿನ ಮುಂದೆ. ಶಂಕುಸ್ಥಾಪನೆ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹಿರಿಯರೊಬ್ಬರು ಎದ್ದು "ನನ್ನ ಕಡೆಯಿಂದ ಇಪ್ಪತ್ತೈದು ಸಾವಿರ" ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಹಿಂದಿನ ಸಾಲಿನಿಂದ ಇನ್ನೊಬ್ಬರು "ನಂದೂ ಹತ್ತು ಬರ್ಕೊಳ್ಳಿ" ಎಂದು ಕೂಗುತ್ತಾರೆ. ನಾನು ಗೌರವ ಕಾರ್ಯದರ್ಶಿಯಾಗಿರುವ ಪುಟ್ಟ ಉಚಿತ ವಿದ್ಯಾರ್ಥಿ ನಿಲಯದ ಅಡುಗೆಮನೆಗೆ ಅಡಿಗಲ್ಲು ಹಾಕಿದ ದಿನ ಹಾಗೆ ಬರೆದುಕೊಂಡವನು ನಾನೇ, ಅದೂ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ. ವರ್ಷ ತುಂಬುವ ಹೊತ್ತಿಗೆ ಹೇಳಿದವರೆಲ್ಲರ ಹಣವೂ ಬಂದಿರಲಿಲ್ಲ. ಅವರಿಗೆ ನೆನಪಿಸಬೇಕು, ಆದರೆ ವಸೂಲಿಗೆ ಬಂದಂತಿರಬಾರದು. ಆ ಕಾಗದ ಹೇಗಿರಬೇಕೆಂದು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಒಬ್ಬರನ್ನೇ ಹಿಡಿಯುತ್ತೇನೆ: ಮೂವತ್ತು ಸಾವಿರ ಕೊಡುವುದಾಗಿ ಹೇಳಿದ್ದ ಒಬ್ಬ ನಿವೃತ್ತ ಮೇಷ್ಟ್ರು.

ಮೇಷ್ಟ್ರು ಅಂದು ಹೇಳಿದ್ದು ಮೂರು ಕಂತು. ಅಕ್ಷಯ ತೃತೀಯದ ಆ ದಿನವೇ ಹತ್ತು ಸಾವಿರದ ಚೆಕ್, ದಸರೆಗೆ ಹತ್ತು, ಸಂಕ್ರಾಂತಿಗೆ ಹತ್ತು.

ಮೊದಲು ನಮ್ಮ ಪುಸ್ತಕ ನೋಡಿಕೊಳ್ಳುವುದು

ನಮ್ಮ ಖಜಾಂಚಿ ತಯಾರಿಸಿದ ಪಟ್ಟಿಯಲ್ಲಿ ಮೇಷ್ಟ್ರ ಹೆಸರಿನ ಮುಂದೆ "ಬಾಕಿ 20,000" ಎಂದಿತ್ತು. ಕಾಗದವೂ ಸಿದ್ಧವಾಗಿತ್ತು, ಸಹಿಯೊಂದು ಬೇಕಿತ್ತು. ಸಹಿ ಮಾಡುವ ಮುಂಚೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಅಕ್ಟೋಬರ್ ತಿಂಗಳ ಮೇಲೆ ಬೆರಳಾಡಿಸಿದೆ. ಯುಪಿಐ ಮೂಲಕ ಬಂದ ಹತ್ತು ಸಾವಿರ ರೂಪಾಯಿಯ ಜಮೆ ಇತ್ತು. ಕಳಿಸಿದವರದು ನಮಗೆ ಪರಿಚಯವಿಲ್ಲದ ಹೆಣ್ಣುಮಗಳ ಹೆಸರು. ನಮ್ಮ ಪುಸ್ತಕದಲ್ಲಿ ಅದು "ಇತರೆ ದೇಣಿಗೆ" ಎಂದು ಸೇರಿಹೋಗಿತ್ತು, ರಸೀದಿಯನ್ನೂ ಕೊಟ್ಟಿರಲಿಲ್ಲ. ಆಕೆ ಮೇಷ್ಟ್ರ ಮಗಳು. ಅಪ್ಪನಿಗೆ ಫೋನಿನಲ್ಲಿ ಹಣ ಕಳಿಸಲು ಬಾರದೆಂದು ತನ್ನ ಖಾತೆಯಿಂದ ಕಳಿಸಿದ್ದಳು. ಮೊದಲಿನ ಕಾಗದ ಹೋಗಿದ್ದರೆ, ಕೊಟ್ಟ ಹಣವನ್ನೇ ಇನ್ನೊಮ್ಮೆ ಕೇಳಿದ ಹಾಗಾಗುತ್ತಿತ್ತು. ಕೊಟ್ಟವನು ಕೋಡಂಗಿ ಎಂಬ ಗಾದೆಗೆ ನಾವೇ ಕೈಯಾರೆ ಉದಾಹರಣೆ ಒದಗಿಸುತ್ತಿದ್ದೆವು.

ಹಾಗಾಗಿ ಮೊದಲ ಹೆಜ್ಜೆಯನ್ನು ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆಗೇ ಇಡಬೇಕು. ದಾನಿ ಹಣ ಹೇಳಿದ ದಿನದಿಂದ ಇಂದಿನವರೆಗೆ, ಅಷ್ಟೇ ಮೊತ್ತದ ಹೆಸರಿಲ್ಲದ ಅಥವಾ ಬೇರೆ ಹೆಸರಿನ ಜಮೆ ಇದೆಯೇ ನೋಡಿ. ಗಂಡ, ಹೆಂಡತಿ, ಮಕ್ಕಳು, ಅಂಗಡಿಯ ಖಾತೆ, ಅಳಿಯ, ಯಾರ ಕಡೆಯಿಂದಲೂ ಬಂದಿರಬಹುದು. ಸಮಾರಂಭಗಳಲ್ಲಿ ನಗದು ತೆಗೆದುಕೊಂಡ ರಸೀದಿ ಪುಸ್ತಕದ ಕಾರ್ಬನ್ ಪ್ರತಿಗಳನ್ನೂ ತಿರುವಿಹಾಕಿ. ಹೆಸರು ಸಿಕ್ಕರೆ ರಸೀದಿಯನ್ನು ಮೊದಲು ಕಳಿಸಬೇಕು. ರಸೀದಿ ಕೊಡದವರಿಗೆ ನೆನಪಿಸುವ ಹಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಲ್ಲೊಂದು ಸೂಕ್ಷ್ಮವಿದೆ. ಮಾತು ಕೊಟ್ಟವರು ಮೇಷ್ಟ್ರು, ಹಣ ಹೋದದ್ದು ಮಗಳ ಖಾತೆಯಿಂದ. ರಸೀದಿ ಬರೆಯಬೇಕಾದದ್ದು ಮಗಳ ಹೆಸರಿಗೆ, ಏಕೆಂದರೆ ಆದಾಯ ತೆರಿಗೆಯ 80ಜಿ ರಿಯಾಯಿತಿ ಸಿಗುವುದಾದರೆ ಅದು ಹಣ ಕೊಟ್ಟವರಿಗೆ. ನಮ್ಮ ವಾಗ್ದಾನದ ಪುಸ್ತಕದಲ್ಲಿ ಮಾತ್ರ ಅದನ್ನು ಮೇಷ್ಟ್ರ ಎರಡನೇ ಕಂತೆಂದು ಗುರುತು ಹಾಕಿಕೊಳ್ಳಬೇಕು. ಈ ಎರಡು ಪುಸ್ತಕ ಒಂದೇ ಎಂದುಕೊಂಡದ್ದರಿಂದಲೇ ನಮ್ಮ ಗೊಂದಲ ಆದದ್ದು. ವಾಗ್ದಾನದ ಪುಸ್ತಕಕ್ಕೆ ನೂರು ಪುಟದ ಒಂದು ನೋಟ್‌ಬುಕ್ ಸಾಕು: ಯಾರು, ಯಾವ ದಿನ, ಎಷ್ಟು, ಯಾವುದಕ್ಕೆಂದು ಹೇಳಿದರು, ಹೇಗೆ ಕೊಡುತ್ತೇನೆಂದರು, ಯಾವಾಗ ಎಷ್ಟು ಬಂತು. ಕೊನೆಗೆ ಒಂದು ಅಗಲವಾದ ಖಾನೆ ಖಾಲಿ ಬಿಡಿ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಹೊರದೇಶದಲ್ಲಿರುವ ದಾನಿಗಳ ವಿಷಯದಲ್ಲಿ ಇನ್ನೂ ಒಂದನ್ನು ನೋಡಿಕೊಳ್ಳಬೇಕು. ರಜೆಗೆ ಊರಿಗೆ ಬಂದಾಗ ವೇದಿಕೆಯಲ್ಲಿ ದೇಣಿಗೆ ಹೇಳಿ ಹೋದವರು ಈಗ ಬೇರೆ ದೇಶದ ಪೌರರಾಗಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅವರ ಹಣ ವಿದೇಶಿ ದೇಣಿಗೆಯೇ. ಅದನ್ನು ತೆಗೆದುಕೊಳ್ಳಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು, ಹಣವೂ ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಈ ತೊಡಕಿಲ್ಲ. ನಿಮಗೆ ನೋಂದಣಿ ಇಲ್ಲದಿದ್ದರೆ ವಿದೇಶಿ ಪೌರರಿಗೆ ನೆನಪಿನ ಕಾಗದವನ್ನೇ ಕಳಿಸಬೇಡಿ. ಕಾನೂನಿನ ಕಾರಣದಿಂದ ತೆಗೆದುಕೊಳ್ಳಲು ಆಗುತ್ತಿಲ್ಲವೆಂದು ತಿಳಿಸಿ, ಅಂದು ಬಂದದ್ದಕ್ಕೆ ವಂದನೆ ಹೇಳುವ ಕಾಗದ ಸಾಕು. ಅವರು ಸುಮ್ಮನಿರಲು ಎಲ್ಲಿಗೆ ಕಳಿಸಬೇಕೆಂದು ತಿಳಿಯದಿರುವುದೂ ಒಂದು ಕಾರಣವಿರಬಹುದು.

ಯಾವಾಗ, ಯಾರ ಕೈಯಿಂದ

ಕಂತಿನ ದಿನ ದಾಟಿದ ಮರುದಿನವೇ ಬರೆದರೆ ಬ್ಯಾಂಕಿನವರಂತೆ ಕಾಣುತ್ತೇವೆ. ಐದಾರು ವಾರ ಬಿಡಿ. ಆಮೇಲೆ ಕೊಡುವವರ ಕೈಗೆ ಹಣ ಬರುವ ಹೊತ್ತನ್ನು ನೋಡಿ. ಪಿಂಚಣಿದಾರರಿಗೆ ತಿಂಗಳ ಮೊದಲ ವಾರ. ಅಡಿಕೆ ಬೆಳೆಗಾರರಿಗೆ ಕೊಯ್ಲು ಮುಗಿದು ಮಾರಾಟ ಆಗಿರುವ ಕಾಲ, ಮಳೆಗಾಲದ ನಡುವೆ ಅಲ್ಲ. ಮಕ್ಕಳಿರುವ ಸಂಬಳದಾರರಿಗೆ ಜೂನ್ ತಿಂಗಳಲ್ಲಿ ಬರೆಯಲೇಬೇಡಿ. ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮ್ ಎಲ್ಲ ಒಟ್ಟಿಗೆ ಬಂದಿರುತ್ತವೆ. ಮೇಷ್ಟ್ರಿಗೆ ನಾವು ಆರಿಸಿದ್ದು ಮಾರ್ಚ್ ಮೊದಲ ವಾರ.

ಕಳಿಸುವ ಮುಂಚೆ ಆ ಊರಿನ ಯಾರನ್ನಾದರೂ ಒಮ್ಮೆ ವಿಚಾರಿಸಿ. ಮನೆಯಲ್ಲಿ ಸಾವು, ಆಸ್ಪತ್ರೆ, ಮಗಳ ಮದುವೆ, ಬೆಳೆ ಹೋದದ್ದು, ಇಂಥದ್ದೇನಾದರೂ ಇದ್ದರೆ ಕಾಗದವನ್ನು ಪೆಟ್ಟಿಗೆಯಲ್ಲೇ ಇಡಿ. ದಾನಿಯೇ ತೀರಿಕೊಂಡಿದ್ದರೆ ಮಕ್ಕಳಿಗೆ ಸಂತಾಪದ ಮಾತು ಮಾತ್ರ ಹೋಗಬೇಕು, ಹೇಳಿ ಹೋದ ಹಣದ ಪ್ರಸ್ತಾಪ ಬೇಡ. ಅಪ್ಪ ಹೇಳಿದ್ದರೆಂದು ಮಕ್ಕಳೇ ಕೊಟ್ಟರೆ ಅದು ಬೇರೆ ಮಾತು.

ಸಹಿ ಯಾರದಿರಬೇಕು? ಖಜಾಂಚಿಯದಲ್ಲ. ಖಜಾಂಚಿಯ ಹೆಸರು ಕಂಡ ಕೂಡಲೇ ಅದು ಲೆಕ್ಕದ ಕಾಗದವಾಗುತ್ತದೆ. ದಾನಿಗೆ ಗುರುತಿರುವವರು, ಸಾಧ್ಯವಾದರೆ ಅಂದು ಹೋಗಿ ಕರೆದು ಬಂದವರೇ ಬರೆಯಲಿ. ಮೇಷ್ಟ್ರ ಹತ್ತಿರ ಏಳನೇ ತರಗತಿ ಓದಿದವನಾದ್ದರಿಂದ ನಾನೇ ಬರೆದೆ.

ಕಳಿಸಿದ್ದು ಮುಚ್ಚಿದ ಲಕೋಟೆಯಲ್ಲಿ. ಅಗ್ಗವೆಂದು ಪೋಸ್ಟ್‌ಕಾರ್ಡ್ ಹಾಕಿದರೆ ಅಂಚೆಯಣ್ಣನಿಂದ ಹಿಡಿದು ಪಕ್ಕದ ಮನೆಯವರೆಗೆ ಎಲ್ಲರೂ ಓದುತ್ತಾರೆ. ವಾಟ್ಸ್ಆ್ಯಪ್ ಬಳಸುವವರಿಗೆ ಅದರಲ್ಲೇ ಕಳಿಸಿದರೂ ತಪ್ಪಿಲ್ಲ, ಆದರೆ ಅವರೊಬ್ಬರಿಗೆ ಮಾತ್ರ. ಗುಂಪಿನಲ್ಲಿ "ದೇಣಿಗೆ ಘೋಷಿಸಿದ ಎಲ್ಲರ ಗಮನಕ್ಕೆ" ಎಂದು ಹಾಕುವುದು, ಬಂದವರ ಮುಂದೆ ಹಸಿರು ಗುರುತು ಇಟ್ಟ ಪಟ್ಟಿ ಹಂಚುವುದು, ಬೋರ್ಡಿನಲ್ಲಿ ಬಾಕಿಯವರ ಹೆಸರು ಬರೆಯುವುದು, ಇವೆಲ್ಲ ಒತ್ತಡವೇ. ಹೆಸರು ಕೆತ್ತಿಸುವ ಕಲ್ಲಿಗೂ ಈ ಮಾತು ಸಲ್ಲುತ್ತದೆ. ಎಲ್ಲ ಹಣ ಬರುವ ಮುಂಚೆ ಕೆತ್ತಿಸಬೇಡಿ. ಕೆತ್ತಿದ ಮೇಲೆ ಕೊಡಲಾಗದವರಿಗೆ ಆ ಕಲ್ಲೇ ದಿನಾ ನೆನಪಿಸುತ್ತಿರುತ್ತದೆ.

ಕಾಗದ

ಮೊದಲು ಸಿದ್ಧವಾಗಿದ್ದ ಕಾಗದ ಹೀಗಿತ್ತು: "ತಾವು ಘೋಷಿಸಿದ್ದ ಮೊತ್ತದಲ್ಲಿ ರೂ. 20,000 ಬಾಕಿ ಇದ್ದು, ಕಾಮಗಾರಿ ಹಣದ ಕೊರತೆಯಿಂದ ಕುಂಠಿತವಾಗಿರುವುದರಿಂದ ಸದರಿ ಮೊತ್ತವನ್ನು ದಿನಾಂಕ 31ರೊಳಗೆ ಪಾವತಿಸಬೇಕಾಗಿ ಕೋರಲಾಗಿದೆ." ಕರೆಂಟ್ ಬಿಲ್ಲಿನವರೂ ಇಷ್ಟು ಬಿರುಸಾಗಿ ಬರೆಯುವುದಿಲ್ಲ. ಬದಲಿಗೆ ಹೋದದ್ದು ಇದು:

> ಪೂಜ್ಯ ಮೇಷ್ಟ್ರಿಗೆ,
>
> ನಮಸ್ಕಾರಗಳು. ಅಕ್ಷಯ ತೃತೀಯದ ದಿನ ತಾವು ಬಿಸಿಲಿನಲ್ಲಿ ಬಂದು, ಕೊನೆಯವರೆಗೆ ಕೂತು, ಮಕ್ಕಳ ಪಂಕ್ತಿಯಲ್ಲೇ ಊಟ ಮಾಡಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ.
>
> ಅಂದು ತಾವು ಕೊಟ್ಟ ಹತ್ತು ಸಾವಿರ ಮತ್ತು ದಸರೆಯ ಹೊತ್ತಿಗೆ ತಮ್ಮ ಮಗಳ ಮೂಲಕ ಬಂದ ಹತ್ತು ಸಾವಿರ, ಎರಡೂ ಸೇರಿ ಅಡುಗೆಮನೆಯ ಕಪ್ಪುಕಲ್ಲಿನ ಕಟ್ಟೆಗೆ ಮತ್ತು ಒಲೆಯ ಹಿಂದಿನ ಗೋಡೆಯ ಟೈಲ್ಸಿಗೆ ಆದವು. ಮೊದಲು ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದ ಅಡುಗೆಯಮ್ಮ ಈಗ ನಿಂತು ಹೆಚ್ಚುತ್ತಾರೆ. ದಸರೆಯ ಹಣದ ರಸೀದಿ ಕಳಿಸಲು ನಮ್ಮಿಂದ ತಡವಾಯಿತು, ಕ್ಷಮಿಸಬೇಕು. ಮಗಳ ಹೆಸರಿನ ರಸೀದಿ ಇದರೊಂದಿಗಿದೆ.
>
> ತಾವು ಅಂದು ಹೇಳಿದ್ದ ಮೂರು ಕಂತಿನಲ್ಲಿ ಸಂಕ್ರಾಂತಿಯದು ನಮ್ಮ ಪುಸ್ತಕದಲ್ಲಿ ಕಾಣುತ್ತಿಲ್ಲ. ಕೊಟ್ಟಿದ್ದು ನಮ್ಮ ಕಣ್ತಪ್ಪಿದ್ದರೆ ದಯವಿಟ್ಟು ತಿಳಿಸಿ, ಹುಡುಕುವ ಕೆಲಸ ನಮ್ಮದು. ಕೊಡುವುದು ಉಳಿದಿದ್ದರೆ ತಮಗೆ ಅನುಕೂಲವಾದಾಗ, ಅನುಕೂಲವಾದಷ್ಟು ಕೊಡಬಹುದು. ಈಗ ಆಗದಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಇಲ್ಲಿಯವರೆಗೆ ತಾವು ಕೊಟ್ಟದ್ದಕ್ಕೆ ನಾವು ಋಣಿಗಳು.
>
> ಉತ್ತರಕ್ಕೆ ಒಂದು ಚೀಟಿ ಮತ್ತು ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟಿದ್ದೇನೆ. ಈ ಕಡೆ ಬಂದಾಗ ಅಡುಗೆಮನೆ ನೋಡಲು ಬನ್ನಿ.
>
> ತಮ್ಮ ವಿದ್ಯಾರ್ಥಿ

ಇದರಲ್ಲಿ ಕೆಲವು ಮಾತುಗಳನ್ನು ಬೇಕೆಂದೇ ಇಟ್ಟಿದ್ದೇನೆ, ಕೆಲವನ್ನು ಬೇಕೆಂದೇ ಬಿಟ್ಟಿದ್ದೇನೆ.

ಕೃತಜ್ಞತೆ ಮೊದಲು ಬರುತ್ತದೆ, ಆದರೆ "ತಮ್ಮಂಥ ಉದಾರಿಗಳು, ಕೊಡುಗೈ ದಾನಿಗಳು" ಎಂದು ಎಲ್ಲಿಯೂ ಇಲ್ಲ. ಹಾಗೆ ಹೊಗಳಿ ಆಮೇಲೆ ಹಣದ ಮಾತಿಗೆ ಬಂದರೆ, ಓದುವವರಿಗೆ ಹೊಗಳಿಕೆಯೇ ಕೊಕ್ಕೆಯೆಂದು ಗೊತ್ತಾಗುತ್ತದೆ. ಬಂದ ಇಪ್ಪತ್ತು ಸಾವಿರ ಏನಾಯಿತೆಂದು ಹೇಳುವುದೇ ಸರಿಯಾದ ವಂದನೆ. ಕಲ್ಲಿನ ಕಟ್ಟೆ ಎಂದು ಬರೆಯಬೇಕಾದರೆ ಆ ಹಣ ಅಲ್ಲಿಗೇ ಹೋಗಿರಬೇಕು, ಬಿಲ್ಲೂ ಫೈಲಿನಲ್ಲಿರಬೇಕು. ಎಲ್ಲರ ಹಣವೂ ಒಂದೇ ಗಂಟಿಗೆ ಸೇರಿದ್ದರೆ "ಎಲ್ಲರ ದೇಣಿಗೆ ಸೇರಿ ಇಷ್ಟು ಆಯಿತು" ಎಂದೇ ಬರೆಯಿರಿ.

ಉಳಿದ ಕಂತಿನ ಮಾತು ನಡುವೆ, ಒಂದೇ ವಾಕ್ಯದಲ್ಲಿದೆ. ಅದೂ "ತಾವು ಕೊಟ್ಟಿಲ್ಲ" ಎಂದಲ್ಲ, "ನಮ್ಮ ಪುಸ್ತಕದಲ್ಲಿ ಕಾಣುತ್ತಿಲ್ಲ" ಎಂದು. ಇದು ಬರೀ ನಯವೆಂದು ತಿಳಿಯಬೇಡಿ. ಅಕ್ಟೋಬರಿನ ಹಣವನ್ನು ಕಳೆದುಕೊಂಡಿದ್ದ ನಮಗೆ ಅದಕ್ಕಿಂತ ಹೆಚ್ಚು ಹೇಳುವ ಧೈರ್ಯವಿರಲಿಲ್ಲ. ಹಾಗೆಂದು ವಿಷಯವನ್ನು ಬಚ್ಚಿಡಲೂಬಾರದು. ಕೆಲವರು ಸಂಕೋಚದಿಂದ ಸುತ್ತಿ ಬಳಸಿ ಬರೆಯುತ್ತಾರೆ, ಓದಿದವರಿಗೆ ಇದು ವಾರ್ಷಿಕೋತ್ಸವದ ಆಮಂತ್ರಣವೋ ಹಣದ ವಿಷಯವೋ ತಿಳಿಯುವುದೇ ಇಲ್ಲ. ಯಾವ ಕಂತು ಎಂಬುದು ಸ್ಪಷ್ಟವಾಗಿರಬೇಕು.

ಬಿಟ್ಟ ಪದಗಳು: ಬಾಕಿ, ಕೂಡಲೇ, ಗಡುವು, ಕೊನೆಯ. ಬಾಕಿ ಎನ್ನುವುದು ಸಾಲದ ಮಾತು. "ಕಾಮಗಾರಿ ನಿಂತಿದೆ", "ಮಕ್ಕಳು ಕಾಯುತ್ತಿದ್ದಾರೆ" ಎನ್ನುವುದೂ ಇಲ್ಲ. ಹತ್ತು ಸಾವಿರಕ್ಕಾಗಿ ಕಟ್ಟಡ ನಿಂತಿದ್ದರೆ ಅದು ನಮ್ಮ ಲೆಕ್ಕಾಚಾರದ ತಪ್ಪು. ವೇದಿಕೆಯಲ್ಲಿ ಹೇಳಿದ ಹಣವನ್ನು ಕೈಗೆ ಬಂದ ಹಾಗೆ ನಂಬಿ ಗುತ್ತಿಗೆದಾರನಿಗೆ ಮಾತು ಕೊಟ್ಟವರು ನಾವು. ಅದರ ಭಾರವನ್ನು ಮೇಷ್ಟ್ರ ತಲೆಗೆ ಹೊರಿಸುವುದು ನ್ಯಾಯವಲ್ಲ. "ಉಳಿದ ಎಲ್ಲರೂ ಕೊಟ್ಟಿದ್ದಾರೆ" ಎಂಬುದನ್ನಂತೂ ನಿಜವಾಗಿದ್ದರೂ ಬರೆಯಬೇಡಿ.

ಕಾನೂನಿನ ಮಾತೂ ಬೇಡ. ಸಮಿತಿಯ ಸಭೆಯಲ್ಲಿ ಯಾರಾದರೂ "ಮಾತು ಕೊಟ್ಟ ಮೇಲೆ ಕೊಡಲೇಬೇಕು, ಕೋರ್ಟಿನಲ್ಲೂ ನಿಲ್ಲುತ್ತದೆ" ಎನ್ನುವುದುಂಟು. ಅದು ಅಷ್ಟು ಸರಳವಲ್ಲ. ಪ್ರತಿಫಲವಿಲ್ಲದ ಒಪ್ಪಂದ, ಕೆಲವು ಅಪವಾದ ಬಿಟ್ಟರೆ, ಸಿಂಧುವಲ್ಲವೆಂದು 1872ರ ಕರಾರು ಕಾಯ್ದೆಯ 25ನೇ ಕಲಂ ಹೇಳುತ್ತದೆ. ಹೌರಾ ಪುರಭವನಕ್ಕೆ ನೂರು ರೂಪಾಯಿ ಕೊಡುವುದಾಗಿ ಸಹಿ ಹಾಕಿದ್ದವರು ಅದನ್ನು ಕೊಡಬೇಕೆಂದು ಕಲ್ಕತ್ತಾ ಹೈಕೋರ್ಟು 1886ರಲ್ಲಿ ಹೇಳಿತು, ಏಕೆಂದರೆ ಆ ಮಾತನ್ನು ನಂಬಿ ಗುತ್ತಿಗೆ ಕೊಟ್ಟಾಗಿತ್ತು. ಮಸೀದಿಯ ದುರಸ್ತಿಗೆ ಐನೂರು ರೂಪಾಯಿ ಹೇಳಿ ಕೊಡದ ಇನ್ನೊಂದು ಪ್ರಕರಣದಲ್ಲಿ 1914ರಲ್ಲಿ ಅಲಹಾಬಾದ್ ಹೈಕೋರ್ಟು ಕೊಡಬೇಕಾಗಿಲ್ಲವೆಂದಿತು. ಗೆದ್ದರೂ ಒಬ್ಬ ದಾನಿಯನ್ನು ಕಳೆದುಕೊಳ್ಳುವ ವ್ಯಾಜ್ಯವಿದು.

ತೆರಿಗೆಯ ವಿಷಯವನ್ನು ಕಾಗದದಲ್ಲಿ ಬರೆಯದೆ ಉತ್ತರದ ಚೀಟಿಯ ಹಿಂಬದಿಗೆ ಹಾಕಿದ್ದೇವೆ. ಮಾರ್ಚ್ ತಿಂಗಳಲ್ಲಿ "31ರೊಳಗೆ ಕೊಟ್ಟರೆ ತೆರಿಗೆ ಉಳಿಯುತ್ತದೆ" ಎಂದು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಅದು ಗಡುವಿನ ಇನ್ನೊಂದು ಹೆಸರು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ರಿಯಾಯಿತಿಯೇ ಇಲ್ಲ. ಚೀಟಿಯ ಹಿಂದೆ ನಾವು ಬರೆದದ್ದು ಇಷ್ಟು: ರಸೀದಿ ಹಣ ಬಂದ ದಿನಾಂಕಕ್ಕೇ ಆಗುತ್ತದೆ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ರಿಯಾಯಿತಿ ಸಿಗುವುದಿಲ್ಲ, ಪ್ರಮಾಣಪತ್ರ ಬೇಕಿದ್ದರೆ ಪ್ಯಾನ್ ಸಂಖ್ಯೆ ತಿಳಿಸಿ. ನಾವು ಆ ವಿವರಗಳನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿದ ಮೇಲೆ ಪ್ರಮಾಣಪತ್ರ ಬರುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ 2026ರ ಏಪ್ರಿಲ್ 1ರಿಂದ ಆದ್ದರಿಂದ, ಕಲಂ ಮತ್ತು ನಮೂನೆಗಳ ಸಂಖ್ಯೆಯನ್ನು ಅಚ್ಚು ಹಾಕಿಸುವ ಮುಂಚೆ ನಿಮ್ಮ ಆಡಿಟರಿಗೆ ತೋರಿಸಿ.

ಉತ್ತರದ ಚೀಟಿ

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಈ ಅಂಗೈ ಅಗಲದ ಚೀಟಿ. ಹಣ ಕೊಡಲಾಗದವರು ಉತ್ತರ ಬರೆಯುವುದಿಲ್ಲ. ನಾಚಿಕೆಯಿಂದ ಸುಮ್ಮನಾಗುತ್ತಾರೆ, ಆಮೇಲೆ ಎದುರು ಸಿಕ್ಕಾಗ ರಸ್ತೆ ದಾಟಿ ಹೋಗುತ್ತಾರೆ, ವಾರ್ಷಿಕೋತ್ಸವಕ್ಕೂ ಬರುವುದಿಲ್ಲ. ಹತ್ತು ಸಾವಿರದ ಜೊತೆಗೆ ಮನುಷ್ಯರೂ ಹೋದರು. "ಆಗುವುದಿಲ್ಲ" ಎನ್ನುವ ಮಾತನ್ನು ನಾವೇ ಅಚ್ಚು ಹಾಕಿ ಕೊಟ್ಟರೆ ಅವರು ಗುರುತು ಹಾಕಿದರೆ ಸಾಕು. ನಮ್ಮ ಚೀಟಿಯಲ್ಲಿ ಐದು ಸಾಲುಗಳಿವೆ:

> ☐ ಈಗಾಗಲೇ ಕೊಟ್ಟಿದ್ದೇನೆ (ಸುಮಾರು ಯಾವಾಗ, ಯಾರ ಮೂಲಕ: ............)
> ☐ .............. ತಿಂಗಳ ಹೊತ್ತಿಗೆ ಕಳಿಸುತ್ತೇನೆ
> ☐ ಈಗ ರೂ. ............ ಕಳಿಸುತ್ತೇನೆ, ಇಷ್ಟಕ್ಕೆ ಮುಗಿದಂತೆ ತಿಳಿಯಿರಿ
> ☐ ಈಗ ಅನುಕೂಲವಿಲ್ಲ, ಇಲ್ಲಿಗೆ ಮುಗಿದಂತೆ ತಿಳಿಯಿರಿ
> ☐ ಈ ವಿಷಯ ಫೋನಿನಲ್ಲಿ ಮಾತಾಡುತ್ತೇನೆ

ನಾಲ್ಕನೆಯ ಸಾಲಿಗೆ ನಮ್ಮ ಸಮಿತಿಯಲ್ಲಿ ದೊಡ್ಡ ಚರ್ಚೆಯಾಯಿತು. "ನಾವೇ ದಾರಿ ತೋರಿಸಿದ ಹಾಗಾಗುತ್ತೆ ಸಾರ್" ಎಂದರು ಖಜಾಂಚಿ. ದಾರಿ ತೋರಿಸುವುದಕ್ಕೇ ಅದಿರುವುದು. ಆ ಸಾಲು ಇಲ್ಲದಿದ್ದರೆ ಉಳಿದ ನಾಲ್ಕೂ ಬೇಡಿಕೆಯೇ ಆಗುತ್ತವೆ, ಕಾಗದದಲ್ಲಿ ಬರೆದ "ಸಂಕೋಚವಿಲ್ಲದೆ ಹೇಳಿ" ಎಂಬುದು ಬಾಯಿಮಾತಾಗುತ್ತದೆ. "ಕೊಡುವುದಿಲ್ಲ" ಎಂದು ಅಚ್ಚು ಹಾಕಬೇಡಿ, ಹಾಗೆ ಗುರುತು ಹಾಕಲು ಯಾರ ಕೈಯೂ ಏಳುವುದಿಲ್ಲ. ಕಾರಣ ಬರೆಯಲು ಜಾಗವನ್ನೂ ಬಿಡಬೇಡಿ. ಜಾಗ ಬಿಟ್ಟರೆ ಕಾರಣ ಕೇಳಿದಂತೆ.

ಇದೇ ಲಕೋಟೆಯಲ್ಲಿ ಮುಂದಿನ ವರ್ಷದ ಯೋಜನೆಯ ಕರಪತ್ರ ತುರುಕಬೇಡಿ. ಹಳೆಯ ಮಾತು ತೀರದೆ ಹೊಸದನ್ನು ಕೇಳಿದಂತಾಗುತ್ತದೆ.

ಆಮೇಲೆ

ಉತ್ತರ ಯಾವುದೇ ಬರಲಿ, ಎರಡು ಮೂರು ದಿನದೊಳಗೆ ವಂದನೆ ಹೋಗಬೇಕು. ನಾಲ್ಕನೆಯ ಸಾಲಿಗೆ ಗುರುತು ಹಾಕಿದವರಿಗೂ ಅದೇ ವಂದನೆ, ಒಂದು ಪದವೂ ಕಡಿಮೆ ಇಲ್ಲದೆ. ಉತ್ತರವೇ ಬರದಿದ್ದರೆ ಒಂದೂವರೆ ಎರಡು ತಿಂಗಳ ಮೇಲೆ ಒಮ್ಮೆ ಫೋನ್ ಮಾಡಬಹುದು. "ಕಾಗದ ತಲುಪಿತೇ ಮೇಷ್ಟ್ರೇ, ಆರೋಗ್ಯ ಹೇಗಿದೆ" ಎಂದಷ್ಟೇ ಕೇಳಬೇಕು. ಹಣದ ಮಾತು ಅವರು ಎತ್ತಿದರೆ ಉತ್ತರಿಸಿ, ಎತ್ತದಿದ್ದರೆ ಬಿಡಿ. ಅಲ್ಲಿಗೆ ನೆನಪಿಸುವುದು ಮುಗಿಯಿತು. ಮೂರನೆಯ ಸಲ ಬೇಡ. ವರ್ಷದ ವರದಿ, ಆಮಂತ್ರಣ, ಹಬ್ಬದ ಶುಭಾಶಯ ಎಲ್ಲರಿಗೂ ಹೋಗುವಂತೆ ಅವರಿಗೂ ಹೋಗುತ್ತಿರಲಿ. ಅದರ ಮೇಲೆ ಪೆನ್ನಿನಲ್ಲಿ ಏನನ್ನೂ ಸೇರಿಸಬೇಡಿ.

ವಾಗ್ದಾನದ ಪುಸ್ತಕದಲ್ಲಿ ಖಾಲಿ ಬಿಟ್ಟ ಅಗಲವಾದ ಖಾನೆ ಈಗ ಉಪಯೋಗಕ್ಕೆ ಬರುತ್ತದೆ. ಏನು ಮಾತಾಯಿತು, ಯಾವ ದಿನ, ಮುಂದೆ ಏನು, ಅದನ್ನೆಲ್ಲ ಅಲ್ಲಿ ಬರೆಯಿರಿ. ಮುಗಿಸಿದ್ದರೆ "ಮುಕ್ತಾಯ" ಎಂದು ದಿನಾಂಕ ಹಾಕಿ ಸಹಿ ಮಾಡಿ. ನಾಳೆ ಹೊಸ ಕಾರ್ಯದರ್ಶಿ ಬಂದು ಹಳೆಯ ಪಟ್ಟಿ ಹಿಡಿದು ಮತ್ತೆ ಕಾಗದ ಹಾಕುವುದನ್ನು ತಡೆಯುವುದು ಆ ಸಹಿಯೊಂದೇ. ಅಂಥವರು ಐದು ವರ್ಷದ ಮೇಲೆ "ಮರೆತಿರಬಹುದು" ಎಂದು ಶುರುಮಾಡುವುದನ್ನು ನಾನು ನೋಡಿದ್ದೇನೆ.

ಮೇಷ್ಟ್ರು ಚೀಟಿ ಕಳಿಸಲಿಲ್ಲ. ಒಂಬತ್ತನೆಯ ದಿನ ಫೋನ್ ಮಾಡಿದರು. "ನಾನು ಮೂರೂ ಕೊಟ್ಟಾಯ್ತು ಅಂದ್ಕೊಂಡಿದ್ದೆ ಕಣಯ್ಯಾ, ಮಗಳನ್ನ ಕೇಳಿದೆ, ಒಂದೇ ಸಲ ಕಳಿಸಿದ್ದು ಅಂದ್ಲು." ಆಮೇಲೆ ಸ್ವಲ್ಪ ತಡೆದು, ಮನೆಯವರ ಮಂಡಿ ಆಪರೇಷನ್ ಆಗಿದೆ, ಈಗ ಐದು ಕಳಿಸುತ್ತೇನೆ, ಉಳಿದದ್ದು ನೋಡೋಣ ಎಂದರು. "ಐದಕ್ಕೇ ಮುಗಿಸಿ ಮೇಷ್ಟ್ರೇ" ಎಂದೆ. "ಅದನ್ನ ನೀನು ಹೇಳ್ಬೇಡ" ಎಂದು ಗದರಿ, ಕಾಗದದಲ್ಲಿ ಟೈಲ್ಸಿಗೆ ಬರೆದಿದ್ದ ಒತ್ತಕ್ಷರ ತಪ್ಪಾಗಿದೆ ಎಂದು ಹೇಳಿ ಫೋನಿಟ್ಟರು. ಪುಸ್ತಕದ ಖಾನೆಯಲ್ಲಿ ಬರೆದೆ: "ಮಾರ್ಚ್ 14. ಐದು ಸಾವಿರ ಬರುತ್ತದೆ. ಉಳಿದದ್ದು ಅವರಾಗಿ ಹೇಳಿದರೆ ಮಾತ್ರ. ನಾವು ಬರೆಯಕೂಡದು."